ಎಡಿಟರ್‌ಗೆ ಪಿಚ್ ಕಳ್ಸೋದು, ಸಂಭಾವನೆ ಮಾತಾಡೋದು

ಪ್ರಶ್ನೆ: ಮೇಡಂ ನಮಸ್ತೆ. ನಾನು ಕೋಲಾರ ತಾಲೂಕಿನವನು, ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್. ಬೆಂಗಳೂರಿಂದ ಕೆ.ಸಿ. ವ್ಯಾಲಿ ಯೋಜನೆ ನೀರು ಬಂದ್ಮೇಲೆ ನಮ್ಮ ಕಡೆ ಏನೇನ್ ಬದಲಾಯ್ತು ಅಂತ ಬರೀತೀನಿ ಅಂತ ಎರಡು ಆನ್‌ಲೈನ್ ಮ್ಯಾಗಜೀನ್‌ಗೆ ಮೇಲ್ ಮಾಡಿದ್ದೆ, ಉತ್ರಾನೇ ಇಲ್ಲ. ನಮ್ಮ ಪಕ್ಕದ್ಮನೆ ತಾತ ಹಿಂದೆ ಕೆರೆ ನೀರುಗಂಟಿ ಆಗಿದ್ರು, ಅವ್ರನ್ನೂ ಮಾತಾಡಿಸ್ತೀನಿ ಅಂತ ಕೊನೇಲಿ ಹಾಕಿದ್ದೆ. ಇನ್ನೊಬ್ಬ ಎಡಿಟರ್ ಬೇರೆ ಬರಹಕ್ಕೆ ‘ನಿಮ್ಮ ರೇಟ್ ಎಷ್ಟು’ ಅಂತ ಕೇಳಿದ್ರು, ಏನ್ ಹೇಳ್ಬೇಕೋ ಗೊತ್ತಾಗ್ದೆ ‘ನೀವೇ ನೋಡಿ ಕೊಡಿ ಸರ್’ ಅಂದ್ಬಿಟ್ಟೆ. ಇಂಥ ಮೇಲ್, ಅಂದ್ರೆ ಪಿಚ್, ಹೇಗ್ ಬರೀಬೇಕು, ದುಡ್ಡು ಹೇಗ್ ಕೇಳ್ಬೇಕು?

ಉತ್ತರ: ನಿಮ್ಮ ಮೇಲ್‌ನ ಕೊನೇ ಸಾಲಲ್ಲಿದ್ದಾರಲ್ಲ ಆ ತಾತ, ಅವ್ರೇ ನಿಮ್ಮ ಸ್ಟೋರಿ. ಅವ್ರು ಮೊದಲ್ನೇ ಸಾಲಲ್ಲಿ ಬರ್ಬೇಕಿತ್ತು.

ಎಡಿಟರ್ ಕಡೆಯಿಂದ ಸ್ವಲ್ಪ ನೋಡಿ. ಕೆ.ಸಿ. ವ್ಯಾಲಿ ಅಂದ ತಕ್ಷಣ ಅವ್ರು ಮಾಡೋ ಮೊದಲ್ನೇ ಕೆಲ್ಸ ಸರ್ಚ್ ಮಾಡೋದು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗಿಂದ ಇವತ್ತಿನ ತನಕ ಇದ್ರ ಬಗ್ಗೆ ಬಂದಿರೋ ವರದಿಗಳಿಗೆ ಲೆಕ್ಕ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನ ಎರಡನೇ ಹಂತದ ತನಕ ಶುದ್ಧ ಮಾಡಿ ಪೈಪಲ್ಲಿ ಕೋಲಾರದ ಕೆರೆಗಳಿಗೆ ಬಿಡ್ತಾರೆ, ಶುರುನಲ್ಲಿ ನೊರೆ ಬಂದು ಗಲಾಟೆ ಆಯ್ತು, ವಿಷ್ಯ ಕೋರ್ಟಿಗೆ ಹೋಯ್ತು, ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಟ ನಡೀತು, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು, ಇಷ್ಟೂ ಸರ್ಚ್‌ನ ಮೊದಲ್ನೇ ಪೇಜಲ್ಲೇ ಸಿಗತ್ತೆ. ಹಂಗಿರುವಾಗ ‘ಏನೇನ್ ಬದಲಾಯ್ತು’ ಅಂತ ಬರೀತೀನಿ ಅಂದ್ರೆ ಅದು ಒಂದು ವಿಷ್ಯ ಅಷ್ಟೇ, ಅದ್ರೊಳಗೆ ಸ್ಟೋರಿ ಯಾವ್ದು ಅಂತ ಹುಡ್ಕೋ ಕೆಲ್ಸಾನ ನೀವು ಎಡಿಟರ್ ತಲೆ ಮೇಲೆ ಹಾಕಿದ ಹಾಗಾಯ್ತು, ಅಷ್ಟು ಪುರುಸೊತ್ತು ಯಾರ್ಗೂ ಇರಲ್ಲ. ಉತ್ರ ಬಂದಿಲ್ಲ ಅಂದ್ರೆ ನಿಮ್ಮ ಬರವಣಿಗೆ ಚೆನ್ನಾಗಿಲ್ಲ ಅಂತ ಅಲ್ಲ, ಅವ್ರಿಗೆ ಹೂಂ ಅಥವಾ ಊಹೂಂ ಅನ್ನೋಕೆ ಆ ಮೇಲ್‌ನಲ್ಲಿ ಏನೂ ಕಾಣ್ಲಿಲ್ಲ.

ಈಗ ತಾತನ ವಿಷ್ಯಕ್ಕೆ ಬನ್ನಿ. ನೀರುಗಂಟಿ ಏನ್ ಮಾಡ್ತಿದ್ರು? ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡ್ತಿದ್ರು, ಅದಕ್ಕೆ ಸುಗ್ಗೀಲಿ ಕಣದಿಂದಲೇ ಇಂತಿಷ್ಟು ಅಂತ ಧಾನ್ಯ ಸಿಗ್ತಿತ್ತು. ಕೆರೆ ಒಣಗ್ತು, ಕೆಲ್ಸಾನೂ ಹೋಯ್ತು. ಈಗ ಕೆರೆ ತುಂಬಿದೆ, ಆದ್ರೆ ಯೋಜನೆ ನಿಯಮ ಏನಂದ್ರೆ ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ, ನೇರವಾಗಿ ಹೊಲಕ್ಕೆ ಹಾಯಿಸೋ ಹಾಗಿಲ್ಲ, ಮೋಟಾರ್ ಇಟ್ಟು ಎತ್ತೋ ಹಾಗೂ ಇಲ್ಲ. ಅಂದ್ರೆ ಕೆರೇಲಿ ನೀರಿದೆ, ತೂಬು ಮುಚ್ಚಿದೆ, ಅದನ್ನ ತೆಗೀತಿದ್ದ ಮನುಷ್ಯ ಪಕ್ಕದ್ಮನೆ ಜಗಲಿ ಮೇಲೆ ಕೂತಿದ್ದಾರೆ. ಇಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೋಡಿ. ತೂಬಿನ ಕಾಲದಲ್ಲಿ ಅಚ್ಚುಕಟ್ಟಲ್ಲಿ ಅರ್ಧ ಎಕರೆ ಇದ್ದವ್ರಿಗೂ ಸರದಿ ಬರ್ತಿತ್ತು, ಆದ್ರೆ ನೀರು ಭೂಮಿಯೊಳಗೆ ಇಳಿದ್ಮೇಲೆ ಅದು ಸಿಗೋದು ಬೋರ್‌ವೆಲ್ ಕೊರೆಸೋಕೆ ದುಡ್ಡಿದ್ದವ್ರಿಗೆ. ಹಾಗಾದ್ರೆ ಬೋರ್‌ವೆಲ್ ಇಲ್ಲದವ್ರಿಗೆ ತುಂಬಿದ ಕೆರೆಯಿಂದ ಏನ್ ಸಿಕ್ತು? ಈ ಪ್ರಶ್ನೆಗೆ ನಿಮ್ಮೂರಲ್ಲಿ ಏನ್ ಉತ್ರ ಇದೆ ಅಂತ ನಂಗೆ ಗೊತ್ತಿಲ್ಲ, ಎಡಿಟರ್‌ಗೂ ಗೊತ್ತಿಲ್ಲ, ಅದಕ್ಕೇ ಓದ್ಬೇಕು ಅನ್ಸತ್ತೆ. ಒಬ್ಬ ವ್ಯಕ್ತಿ, ಒಂದು ಬದಲಾವಣೆ, ಅದ್ರಲ್ಲಿ ಒಂದು ಸಿಕ್ಕು, ಆ ಸಿಕ್ಕಿನಿಂದ ಹುಟ್ಟೋ ಒಂದು ಪ್ರಶ್ನೆ. ನಾನು ಡೆಸ್ಕಲ್ಲಿ ಕೂತು ಪಿಚ್ ಓದೋವಾಗ ಹುಡುಕ್ತಿದ್ದದ್ದು ಇದನ್ನೇ.

ಪಿಚ್ ಬರೆಯೋಕ್ ಮುಂಚೆ ಸ್ವಲ್ಪ ಓಡಾಡ್ಬೇಕು. ಪೂರ್ತಿ ವರದಿಗಾರಿಕೆ ಬೇಡ, ಸ್ಟೋರಿ ಮಧ್ಯದಲ್ಲಿ ಕುಸಿದು ಬೀಳಲ್ಲ ಅಂತ ಖಾತ್ರಿ ಆಗೋಷ್ಟು ಸಾಕು. ತಾತನ ಜತೆ ಒಂದೆರಡು ಗಂಟೆ, ಅಚ್ಚುಕಟ್ಟಿನ ಒಬ್ಬಿಬ್ರು ರೈತ್ರ ಜತೆ ಮಾತು, ತೂಬಿನ ಹತ್ರ ನೀವೇ ಹೋಗಿ ಫೋಟೋ, ಇಷ್ಟು. ಇನ್ನೊಂದು ವಿಷ್ಯ ಖಂಡಿತ ನೋಡ್ಕೊಳ್ಳಿ: ನಿಮ್ಮೂರ ಕೆರೆಗೆ ಯೋಜನೆ ನೀರು ಪೈಪಿಂದ ನೇರವಾಗಿ ಬರತ್ತಾ, ಇಲ್ಲಾ ಮೇಲಿನ ಕೆರೆ ಕೋಡಿ ಬಿದ್ದು ಹರ್ಕೊಂಡು ಬರತ್ತಾ? ಕೋಲಾರದ ಕೆರೆಗಳು ಒಂದಕ್ಕೊಂದು ಸರಣಿ, ಜತೆಗೆ ಮಳೆ ಚೆನ್ನಾಗಾದ ವರ್ಷ ಮಳೆ ನೀರೂ ತುಂಬಿರತ್ತೆ. ಇದನ್ನ ನೋಡ್ದೆ ‘ಕೆ.ಸಿ. ವ್ಯಾಲಿಯಿಂದ ತುಂಬಿದ ಕೆರೆ’ ಅಂತ ಬರೆದ್ರೆ ಎಡಿಟರ್ ಕೇಳೋ ಮೊದಲ್ನೇ ಪ್ರಶ್ನೇಲೇ ಸಿಕ್ಕಾಕೊಳ್ತೀರಿ. ಹಂಗೇ, ಊರವ್ರು ರಾತ್ರಿ ಹೊತ್ತು ತೂಬು ತೆಗೆದು ನೀರು ಬಿಟ್ಕೊಳ್ತಿದ್ದಾರೆ ಅಂತ ಏನಾದ್ರೂ ಗೊತ್ತಾದ್ರೆ ಸ್ಟೋರಿ ಕೆಟ್ಟೋಯ್ತು ಅಂದ್ಕೋಬೇಡಿ, ಸ್ಟೋರಿ ಬೇರೆ ಆಯ್ತು, ಅದನ್ನೇ ಪಿಚ್ ಮಾಡಿ. ಆದ್ರೆ ಆಗ ಹೆಸ್ರು ಹಾಕಿದ್ರೆ ಯಾರಿಗೆ ತೊಂದ್ರೆ ಆಗತ್ತೆ ಅನ್ನೋದನ್ನ ಎಡಿಟರ್ ಹತ್ರ ಮೊದ್ಲೇ ಮಾತಾಡ್ಬೇಕು.

ಇಷ್ಟು ಆದ್ಮೇಲೆ ಪಿಚ್ ಹೀಗಿರ್ಬಹುದು. ಕನ್ನಡ ಪತ್ರಿಕೆಗೆ ಕಳ್ಸೋ ಥರ ಬರೆದಿದೀನಿ, ಇಂಗ್ಲಿಷ್‌ಗೆ ಆದ್ರೂ ಇದೇ ಕ್ರಮ.

ಸಬ್ಜೆಕ್ಟ್: ಪಿಚ್ – ಕೆರೆ ತುಂಬಿದೆ, ತೂಬು ತೆಗೆಯುವಂತಿಲ್ಲ: ಕೋಲಾರದ ಒಬ್ಬ ನೀರುಗಂಟಿ (ವರದಿ, 1,500 ಪದ)

ನಮಸ್ಕಾರ,

ಕೋಲಾರ ತಾಲೂಕಿನ ನಮ್ಮೂರ ಕೆರೆಯ ತೂಬು ತೆಗೆದು, ಅಚ್ಚುಕಟ್ಟಿಗೆ ಸರದಿಯಂತೆ ನೀರು ಬಿಡುತ್ತಿದ್ದವರು ನಮ್ಮ ಪಕ್ಕದ ಮನೆಯ ಹಿರಿಯರು. ಕೆರೆ ಒಣಗಿದ ಮೇಲೆ ಆ ಕೆಲಸ ನಿಂತುಹೋಯಿತು. ಈಗ ಬೆಂಗಳೂರಿನ ಸಂಸ್ಕರಿಸಿದ ನೀರಿನಿಂದ ಕೆರೆ ಮತ್ತೆ ತುಂಬಿದೆ. ಆದರೆ ಆ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ ಮೀಸಲು, ತೂಬು ತೆಗೆಯುವಂತಿಲ್ಲ.

ಕೆ.ಸಿ. ವ್ಯಾಲಿ ಬಗ್ಗೆ ನಾನು ಓದಿರುವ ವರದಿಗಳು ಹೆಚ್ಚಾಗಿ ನೀರಿನ ಗುಣಮಟ್ಟದ ಬಗ್ಗೆ ಇವೆ. ನಾನು ಬರೆಯಬೇಕೆಂದಿರುವುದು ನೀರಿನ ಹಂಚಿಕೆಯ ಬಗ್ಗೆ: ಮೊದಲು ಸರದಿಯಂತೆ ಎಲ್ಲರಿಗೂ ಸಿಗುತ್ತಿದ್ದ ಕೆರೆ ನೀರು ಈಗ ಬೋರ್‌ವೆಲ್ ಇದ್ದವರಿಗೆ ಮಾತ್ರ ಸಿಗುತ್ತಿದೆಯೇ?

ನೀರುಗಂಟಿ ಮತ್ತು ಇಬ್ಬರು ರೈತರ ಜತೆ ಈಗಾಗಲೇ ಮಾತಾಡಿದ್ದೇನೆ. ನೀವು ಒಪ್ಪಿದರೆ ಬೋರ್‌ವೆಲ್ ಇಲ್ಲದ ಎರಡು ಕುಟುಂಬ, ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರ್ ಮತ್ತು ಒಬ್ಬ ಅಂತರ್ಜಲ ತಜ್ಞರನ್ನು ಮಾತಾಡಿಸುತ್ತೇನೆ. ತೂಬು ಮತ್ತು ಕಾಲುವೆಯ ಫೋಟೊಗಳಿವೆ. ಒಪ್ಪಿಗೆ ಸಿಕ್ಕ ಮೂರು ವಾರದಲ್ಲಿ ಕೊಡಬಲ್ಲೆ.

ನಾನು ಇದೇ ಊರಿನವನು, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹಿಂದಿನ ಎರಡು ಬರಹಗಳ ಲಿಂಕ್ ಕೆಳಗಿದೆ.

ಇಷ್ಟೇ. ಮೊಬೈಲಲ್ಲಿ ಒಂದೆರಡು ಸಲ ಸ್ಕ್ರಾಲ್ ಮಾಡಿದ್ರೆ ಮುಗೀಬೇಕು. ಎರಡನೇ ಪ್ಯಾರಾ ಗಮನಿಸಿ, ಹೊಸಬ್ರ ಪಿಚ್‌ನಲ್ಲಿ ನಂಗೆ ಸಿಗ್ದೇ ಇರ್ತಿದ್ದದ್ದು ಅದೇ. ಬೇರೆಯವ್ರು ಏನ್ ಬರ್ದಿದ್ದಾರೆ ಅಂತ ನೀವು ನೋಡಿದ್ದೀರಿ, ನಿಮ್ಮದು ಅದಕ್ಕಿಂತ ಎಲ್ಲಿ ಬೇರೆ ಅಂತ ಎರಡೇ ಸಾಲಲ್ಲಿ ಹೇಳಿದ್ದೀರಿ, ಎಡಿಟರ್ ಇದನ್ನ ಮೀಟಿಂಗಲ್ಲಿ ಹಾಗ್ಹಾಗೇ ಓದಿ ಹೇಳ್ಬಹುದು. ಹೌದು, ಬಹಳ ಕಡೆ ನಿಮ್ಮ ಪಿಚ್‌ಗೆ ಒಪ್ಪಿಗೆ ಕೊಡೋರು ನೀವು ಮೇಲ್ ಮಾಡಿದವ್ರೊಬ್ರೇ ಅಲ್ಲ, ಅವ್ರು ಇನ್ನೊಬ್ರನ್ನ ಒಪ್ಪಿಸ್ಬೇಕು, ಅದಕ್ಕೆ ಬೇಕಾದ ಮಾತನ್ನ ನೀವೇ ಬರ್ಕೊಟ್ಟಿರ್ಬೇಕು.

ಮೂರನೇ ಪ್ಯಾರಾದಲ್ಲಿ ಆಗಿರೋ ಕೆಲ್ಸ, ಆಗ್ಬೇಕಿರೋ ಕೆಲ್ಸ ಎರಡನ್ನೂ ಬೇರೆ ಬೇರೆ ಹೇಳಿದೆ. ಇಲಾಖೆಯವ್ರನ್ನ ಇನ್ನೂ ಮಾತಾಡ್ಸಿಲ್ಲ ಅಂದ್ರೆ ‘ಮಾತಾಡಿಸಿದ್ದೇನೆ’ ಅಂತ ಬರೀಲೇಬೇಡಿ. ಸಬ್ಜೆಕ್ಟ್ ಸಾಲಲ್ಲಿ ‘ಕೊನೆಯ ನೀರುಗಂಟಿ’ ಅಂತ ಹಾಕೋ ಆಸೆ ಬರತ್ತೆ, ಕೇಳೋಕೂ ಚೆನ್ನಾಗಿದೆ, ಆದ್ರೆ ಜಿಲ್ಲೇಲಿ ಬೇರೆ ಯಾರೂ ಇಲ್ಲ ಅಂತ ನೀವು ನೋಡ್ಕೊಂಡು ಬಂದಿಲ್ವಲ್ಲ, ಅದಕ್ಕೇ ‘ಒಬ್ಬ’ ಅಂತ ಹಾಕಿದೀನಿ. ತಾತ ಪಕ್ಕದ್ಮನೆಯವ್ರು ಅನ್ನೋದನ್ನ ಮುಚ್ಚಿಡ್ದೆ ಹೇಳಿರೋದೂ ಬೇಕಂತಲೇ. ಅವ್ರು ನಿಮ್ಗೆ ಗೊತ್ತಿರೋದು ನಿಮ್ಮ ಬಲ, ಅದನ್ನೇ ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ ಎಡಿಟರ್‌ಗೆ ಉಳಿದಿದ್ರ ಮೇಲೂ ಅನುಮಾನ ಬರತ್ತೆ. ಮತ್ತೆ ಇಡೀ ಪಿಚ್‌ನಲ್ಲಿ ಎಲ್ಲೂ ‘ಅವಕಾಶ ಕೊಡಿ’, ‘ನಾನಿನ್ನೂ ಹೊಸಬ’ ಅಂತ ಇಲ್ಲ ನೋಡಿ. ಲಿಂಕ್ ಕೊಡೋಕೆ ಹಳೇ ಬರಹ ಇಲ್ದಿದ್ರೆ ಆ ಸಾಲು ಬಿಟ್ಬಿಡಿ, ಅದಕ್ಕೆ ಕ್ಷಮೆ ಕೇಳೋ ಅಗತ್ಯ ಇಲ್ಲ.

ಎಲ್ಲಿಗೆ ಕಳಿಸ್ಬೇಕು ಅನ್ನೋದ್ರ ಮೇಲೆ ಒತ್ತು ಸ್ವಲ್ಪ ಬದಲಾಗತ್ತೆ. ಮೊಂಗಾಬೇ ಇಂಡಿಯಾದಂಥ ಪರಿಸರ ಪತ್ರಿಕೆಗೆ ಆದ್ರೆ ಮರುಪೂರಣ, ಕೆರೆ ಸರಣಿ ವಿಷ್ಯ ಮುಂದೆ ಬರ್ಬೇಕು. ಗ್ರಾಮೀಣ ಬದುಕಿನ ಬಗ್ಗೇನೇ ಬರೆಯೋ ತಾಣಕ್ಕೆ ಆದ್ರೆ ತಾತ ಮತ್ತು ಅವ್ರ ಕೆಲ್ಸಾನೇ ನಡುವೆ ನಿಲ್ಬೇಕು, ಅಲ್ಲಿ ಫೋಟೋಗೂ ತುಂಬಾ ಬೆಲೆ ಇದೆ. ಈದಿನದಂಥ ಕನ್ನಡ ತಾಣಕ್ಕೆ ಆದ್ರೆ ಕೆ.ಸಿ. ವ್ಯಾಲಿ ಅಂದ್ರೆ ಏನು ಅಂತ ವಿವರಿಸೋ ಕೆಲ್ಸ ಕಮ್ಮಿ, ನೇರವಾಗಿ ವಿಷ್ಯಕ್ಕೆ ಹೋಗ್ಬಹುದು. ಪತ್ರಿಕೆಯ ವೆಬ್‌ಸೈಟಲ್ಲಿ ಬರಹಗಾರರಿಗೆ ಸೂಚನೆ ಅಂತ ಪೇಜ್ ಇದ್ಯಾ ನೋಡಿ, ಇದ್ರೆ ಅದ್ರಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ಥರಾನೇ ಕಳ್ಸಿ. ಇಲ್ದಿದ್ರೆ ಆ ವಿಭಾಗ ನೋಡ್ಕೊಳ್ಳೋ ಎಡಿಟರ್ ಯಾರು ಅಂತ ಹುಡ್ಕಿ ಅವ್ರ ಹೆಸ್ರಿಗೇ ಕಳ್ಸಿ, ‘ಸಂಪರ್ಕಿಸಿ’ ಅಂತಿರೋ ಸಾಮಾನ್ಯ ಇನ್‌ಬಾಕ್ಸ್‌ಗೆ ಹೋದ ಮೇಲ್ ಅಲ್ಲೇ ಕಳ್ದೋಗತ್ತೆ.

ಒಂದ್ಸಲಕ್ಕೆ ಒಬ್ರಿಗೇ ಕಳ್ಸಿ. ಇಬ್ರಿಗೆ ಕಳ್ಸಿ ಇಬ್ರೂ ಹೂಂ ಅಂದ್ರೆ ಒಬ್ರ ಜತೆ ಸಂಬಂಧ ಕೆಡೋದು ಗ್ಯಾರಂಟಿ. ಹಾಗಂತ ತಿಂಗಳುಗಟ್ಲೆ ಕಾಯೋದೂ ಬೇಡ. ಇದು ಇವತ್ತೇ ಬರ್ಬೇಕಾದ ಸುದ್ದಿ ಅಲ್ಲ, ಹಾಗಾಗಿ ಒಂದು ವಾರ, ಹತ್ತು ದಿನ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಮಾಡಿ ಎರಡು ಸಾಲು ಬರೀರಿ: ‘ಈ ಪಿಚ್ ನೋಡಲು ಸಾಧ್ಯವಾಯಿತೇ? ಮುಂದಿನ ಸೋಮವಾರದೊಳಗೆ ತಿಳಿಸಿದರೆ ಅನುಕೂಲ, ಇಲ್ಲದಿದ್ದರೆ ಬೇರೆ ಪತ್ರಿಕೆಗೆ ಕಳಿಸುತ್ತೇನೆ.’ ಇದು ಬೆದರಿಕೆ ಅಲ್ಲ, ಎಡಿಟರ್‌ಗಳಿಗೆ ಇದ್ರಿಂದ ನಿಜಕ್ಕೂ ಅನುಕೂಲ ಆಗತ್ತೆ. ಸೋಮವಾರ ಕಳೀತಾ, ಇನ್ನೊಬ್ರಿಗೆ ಕಳ್ಸಿ. ಆದ್ರೆ ಮಾರ್ಚ್ 22ರ ವಿಶ್ವ ಜಲದಿನಕ್ಕೋ, ಮುಂಗಾರಿಗೋ ಜೋಡ್ಸಿ ಕಳಿಸೋದಾದ್ರೆ ಮೂರು ನಾಲ್ಕು ವಾರ ಮೊದ್ಲೇ ಅವ್ರ ಕೈ ಸೇರ್ಬೇಕು, ಆ ವಾರದಲ್ಲಿ ನೀರಿನ ಪಿಚ್‌ಗಳು ರಾಶಿ ರಾಶಿ ಬಂದಿರತ್ತೆ.

ಈಗ ದುಡ್ಡಿನ ವಿಷ್ಯ. ‘ನೀವೇ ನೋಡಿ ಕೊಡಿ’ ಅಂದಾಗ ಏನಾಗತ್ತೆ ಗೊತ್ತಾ, ಎಡಿಟರ್ ಹತ್ರ ಇಂಥ ಬರಹಕ್ಕೆ ಇಷ್ಟರಿಂದ ಇಷ್ಟರ ತನಕ ಕೊಡ್ಬಹುದು ಅಂತ ಒಂದು ಮಿತಿ ಇರತ್ತೆ, ತಿಂಗಳಿಗೆ ಒಂದು ಬಜೆಟ್ ಇರತ್ತೆ, ನೀವು ಏನೂ ಹೇಳ್ದಿದ್ರೆ ಅದ್ರಲ್ಲಿ ಕೆಳಗಿನ ಅಂಕಿ ನಿಮ್ಗೆ ಬರತ್ತೆ. ಅವ್ರು ಕೆಟ್ಟವ್ರು ಅಂತಲ್ಲ, ಉಳಿದಿದ್ದನ್ನ ಕೇಳಿದವ್ರಿಗೆ ಕೊಡ್ಬೇಕಲ್ಲ. ಆ ಎಡಿಟರ್ ಜತೆ ಕೆಲ್ಸ ಇನ್ನೂ ಶುರು ಆಗಿಲ್ಲ ಅಂದ್ರೆ ಈಗ್ಲೂ ತಡ ಆಗಿಲ್ಲ: ‘ಸರ್, ಕೆಲಸ ಶುರು ಮಾಡುವ ಮುಂಚೆ ಸಂಭಾವನೆ ಎಷ್ಟೆಂದು ಮೇಲ್‌ನಲ್ಲಿ ಖಚಿತಪಡಿಸುತ್ತೀರಾ, ನಾನು ಯೋಚಿಸಿರುವುದು ಇಷ್ಟು’ ಅಂತ ಇವತ್ತೇ ಬರೀರಿ, ಯಾರೂ ತಪ್ಪು ತಿಳ್ಕೊಳ್ಳಲ್ಲ.

ಪಿಚ್‌ನಲ್ಲಿ ದುಡ್ಡಿನ ಮಾತು ಬೇಡ. ಪಿಚ್ ಒಪ್ಪಿದ್ರು ಅಂದ ತಕ್ಷಣ, ಮುಂದಿನ ಸಂದರ್ಶನಕ್ಕೆ ಗಾಡಿ ಹತ್ತೋಕ್ ಮುಂಚೆ ಮಾತಾಡ್ಬೇಕು. ಬರ್ದು ಕೊಟ್ಮೇಲೆ ಮಾತಾಡೋಕೆ ನಿಮ್ಮ ಕೈಲಿ ಏನೂ ಉಳಿದಿರಲ್ಲ. ಮೊದಲ್ನೇ ಪ್ರಶ್ನೆ ಯಾವಾಗ್ಲೂ ‘ಈ ಉದ್ದದ ವರದಿಗೆ ನಿಮ್ಮಲ್ಲಿ ಸಾಮಾನ್ಯವಾಗಿ ಎಷ್ಟು ಸಂಭಾವನೆ?’ ಅಂತಾನೇ ಇರ್ಲಿ. ಅವ್ರು ಅಂಕಿ ಹೇಳಿದ್ರೆ ಒಳ್ಳೇದು, ತಿರುಗಿ ನಿಮ್ಮನ್ನೇ ಕೇಳಿದ್ರೆ ಹೇಳೋಕೆ ನಿಮ್ಮ ಹತ್ರ ಒಂದು ಲೆಕ್ಕ ಇರ್ಬೇಕು.

ನಿಮ್ಮ ಸ್ಟೋರಿಗೇ ಲೆಕ್ಕ ಹಾಕೋಣ. ಅವ್ರು 1,500 ಪದಕ್ಕೆ 4,000 ರೂಪಾಯಿ ಅಂದ್ರು ಅಂತ ಇಟ್ಕೊಳ್ಳಿ, ಇದು ಉದಾಹರಣೆಗೆ ಅಷ್ಟೇ, ಯಾವ್ದೋ ಪತ್ರಿಕೆಯ ರೇಟ್ ಅಲ್ಲ. ಊರಲ್ಲಿ ಎರಡು ದಿನ ಓಡಾಟ, ಕೋಲಾರದಲ್ಲಿ ಇಲಾಖೆ ಆಫೀಸಿಗೆ ಒಂದು ದಿನ (ಒಂದೇ ದಿನಕ್ಕೆ ಎಂಜಿನಿಯರ್ ಸಿಕ್ಕಿದ್ರೆ ನಿಮ್ಮ ಪುಣ್ಯ), ರೆಕಾರ್ಡಿಂಗ್ ಕೇಳಿ ಬರ್ಕೊಳ್ಳೋಕೆ ಮತ್ತು ಬರಿಯೋಕೆ ಎರಡು ದಿನ, ಎಡಿಟರ್ ವಾಪಸ್ ಕಳ್ಸೋ ಪ್ರಶ್ನೆಗಳಿಗೆ ಉತ್ರ ಕೊಟ್ಟು ತಿದ್ದೋಕೆ ಒಂದು ದಿನ. ಒಟ್ಟು ಆರು. ಪೆಟ್ರೋಲು, ಬಸ್ಸು, ಜೆರಾಕ್ಸು ಎಲ್ಲಾ ಸೇರಿ 1,200 ಹೋಯ್ತು ಅನ್ನಿ, ಉಳಿಯೋದು 2,800, ದಿನಕ್ಕೆ 470 ಕೂಡ ಬೀಳಲ್ಲ. ಈ ಲೆಕ್ಕಾನ ಎಡಿಟರ್‌ಗೆ ಪೂರ್ತಿ ಹೇಳೋದು ಬೇಡ, ಆದ್ರೆ ಎಷ್ಟು ಕೇಳ್ಬೇಕು ಅನ್ನೋ ಧೈರ್ಯ ಇದ್ರಿಂದ ಬರತ್ತೆ. ದಿನಕ್ಕೆ ಸಾವಿರ ಆದ್ರೂ ಬೇಕು ಅಂತ ನೀವು ತೀರ್ಮಾನ ಮಾಡಿದ್ರೆ 6,000 ಮತ್ತು ಖರ್ಚು ಬೇರೆ, ಅದು ನಿಮ್ಮ ಕೆಳಗಿನ ಮಿತಿ. ಕೇಳೋವಾಗ ಅದಕ್ಕಿಂತ ಸ್ವಲ್ಪ ಮೇಲಿಂದ ಶುರು ಮಾಡಿ:

‘ಪಿಚ್ ಒಪ್ಪಿದ್ದಕ್ಕೆ ಧನ್ಯವಾದ. ಈ ವರದಿಗೆ ಊರಿನಲ್ಲಿ ಎರಡು ದಿನದ ಓಡಾಟ, ಇಲಾಖೆ ಮತ್ತು ತಜ್ಞರು ಸೇರಿ ಏಳು ಸಂದರ್ಶನಗಳಿವೆ, ಫೋಟೊಗಳನ್ನೂ ನಾನೇ ಕೊಡುತ್ತಿದ್ದೇನೆ. ಹಾಗಾಗಿ 7,500 ರೂಪಾಯಿ ಮತ್ತು ಪ್ರಯಾಣದ ಖರ್ಚು ಪ್ರತ್ಯೇಕವಾಗಿ ಸಾಧ್ಯವೇ? ಬಜೆಟ್ 4,000ಕ್ಕೇ ಸೀಮಿತ ಎಂದಾದರೆ, ನೀರುಗಂಟಿ ಮತ್ತು ಇಬ್ಬರು ರೈತರ ಮಾತಿಗೆ ಸೀಮಿತವಾದ 800 ಪದದ ಬರಹ ಕೊಡಬಲ್ಲೆ.’

ಇದ್ರಲ್ಲಿ ಮುಖ್ಯ ಕೊನೇ ಸಾಲು. ನೀವು ಬರೀ ಜಾಸ್ತಿ ಕೊಡಿ ಅಂತಿಲ್ಲ, ದುಡ್ಡು ಏರ್ಬೇಕು ಇಲ್ಲಾ ಕೆಲ್ಸ ಇಳೀಬೇಕು ಅಂತ ಎರಡು ದಾರಿ ತೋರಿಸ್ತಿದ್ದೀರಿ. ಎಡಿಟರ್ ಕೈಲಿ ದುಡ್ಡು ನಿಜವಾಗ್ಲೂ ಇಲ್ದಿದ್ರೆ ಅವ್ರು ಮುಜುಗರ ಇಲ್ದೆ ಎರಡನೇದನ್ನ ಆರ್ಸ್ಕೊಳ್ಳಬಹುದು. ಸಾಮಾನ್ಯವಾಗಿ ‘7,500 ಕಷ್ಟ, 6,000 ಮತ್ತು ಪ್ರಯಾಣಕ್ಕೆ 1,000 ಕೊಡ್ಬಹುದು’ ಅನ್ನೋ ಥರ ಉತ್ರ ಬರತ್ತೆ, ಅದು ನಿಮ್ಮ ಮಿತಿಗೆ ಹೆಚ್ಚೂಕಮ್ಮಿ ಸರಿಹೋಗತ್ತೆ, ಒಪ್ಕೊಳ್ಳಿ, ಮತ್ತೆ ಎಳೀಬೇಡಿ. ಒಂದು ಸಲ ಕೇಳೋದು ಎಲ್ರೂ ಒಪ್ಪೋ ರೂಢಿ, ಮೂರು ಸಲ ಕೇಳಿದ್ರೆ ಮುಂದಿನ ಪಿಚ್ ಓದೋಕೆ ಅವ್ರಿಗೆ ಮನಸ್ಸು ಬರಲ್ಲ. ಕಾರಣ ಹೇಳೋವಾಗ ಕೆಲ್ಸದಿಂದಲೇ ಹೇಳಿ, ಮನೆ ಬಾಡಿಗೆ, ಗೆಸ್ಟ್ ಲೆಕ್ಚರರ್ ಸಂಬಳ ತಡ ಆಗೋದು ಇದೆಲ್ಲ ನಿಜವೇ ಆದ್ರೂ ಎಡಿಟರ್ ಬಜೆಟ್ ಶೀಟಲ್ಲಿ ಅದನ್ನ ಬರೆಯೋಕಾಗಲ್ಲ, ‘ಏಳು ಸಂದರ್ಶನ, ಫೋಟೋ ಸೇರಿ’ ಅಂತ ಬರೀಬಹುದು.

ಪದಕ್ಕೆ ಇಷ್ಟು ಅಂತ ಲೆಕ್ಕ ಹಾಕೋ ಪತ್ರಿಕೆ ಆದ್ರೆ ಒಂದು ಮಾತು ಕೇಳ್ಕೊಳ್ಳಿ: ಒಪ್ಕೊಂಡ ಪದಕ್ಕಾ, ಪ್ರಕಟ ಆದ ಪದಕ್ಕಾ? 1,500 ಕೇಳಿ, ನೀವು 1,500 ಕೊಟ್ಟು, ಅವ್ರು ಎಡಿಟ್ ಮಾಡಿ 900 ಹಾಕಿದ್ರೆ ನಿಮ್ಮ ಓಡಾಟ ಕಮ್ಮಿ ಆಗಲ್ಲ. ಒಪ್ಕೊಂಡ ಪದಕ್ಕೇ ಕೊಡ್ಬೇಕು ಅಂತ ಕೇಳೋದು ನ್ಯಾಯ.

ಕನ್ನಡದಲ್ಲಿ ಎಷ್ಟೋ ಆನ್‌ಲೈನ್ ಪತ್ರಿಕೆಗಳು ಸಂಭಾವನೆ ಕೊಡೋದೇ ಇಲ್ಲ, ನಡೆಸೋರೇ ಕೈಯಿಂದ ಹಾಕ್ಕೊಂಡು ನಡೆಸ್ತಿರ್ತಾರೆ, ಅದನ್ನ ನಾನು ಗೌರವದಿಂದಲೇ ಹೇಳ್ತಿದೀನಿ. ಅಲ್ಲಿಗೆ ಕತೆ, ಪ್ರಬಂಧ, ಪುಸ್ತಕದ ಬಗ್ಗೆ ಬರಹ ಸುಮ್ಮನೆ ಕೊಡೋದು ನಿಮ್ಮಿಷ್ಟ. ಆದ್ರೆ ನಿಮ್ಮ ಜೇಬಿಂದ ಪೆಟ್ರೋಲ್ ಹಾಕ್ಕೊಂಡು, ಇಲಾಖೆ ಮೆಟ್ಟಿಲು ಹತ್ತಿ ಮಾಡೋ ವರದೀನ ಪುಕ್ಕಟೆ ಕೊಡ್ಬೇಡಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಈ ಥರದ ಕೆಲ್ಸ ಪುಕ್ಕಟೆ ಸಿಗತ್ತೆ ಅಂತಾದ್ರೆ ಕೊನೆಗೆ ಅದನ್ನ ಮಾಡೋಕೆ ಉಳಿಯೋರು ಮನೇಲಿ ದುಡ್ಡಿರೋರು ಮಾತ್ರ, ಆಗ ಬೋರ್‌ವೆಲ್ ಇಲ್ಲದವ್ರ ಬಗ್ಗೆ ಬರೆಯೋರು ಯಾರು? ಇದಕ್ಕೆ ಒಂದು ದಾರಿ ಏನಂದ್ರೆ ವರದೀನ ಮೊದ್ಲು ದುಡ್ಡು ಕೊಡೋ ಇಂಗ್ಲಿಷ್ ಪತ್ರಿಕೆಗೆ ಬರ್ದು, ಆಮೇಲೆ ಅದನ್ನೇ ಕನ್ನಡದಲ್ಲಿ ಕೊಡೋದು. ಅದಕ್ಕೆ ಕನ್ನಡದ ಹಕ್ಕು ನಿಮ್ಮ ಹತ್ರ ಉಳಿದಿರ್ಬೇಕು.

ಹಕ್ಕಿನ ವಿಷ್ಯ ಜನ ಓದ್ದೇನೇ ಸೈನ್ ಮಾಡೋ ಜಾಗ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫ್ರೀಲಾನ್ಸ್ ಬರಹಕ್ಕೆ ಮೊದಲ ಹಕ್ಕುದಾರರು ಬರೆದವ್ರೇ, ನೀವು ಲಿಖಿತವಾಗಿ ಸಹಿ ಮಾಡಿ ಕೊಡೋ ತನಕ ಅದು ಬೇರೆಯವ್ರಿಗೆ ವರ್ಗ ಆಗಲ್ಲ. ಅವಧಿ ಎಷ್ಟು ಅಂತ ಒಪ್ಪಂದದಲ್ಲಿ ಬರೆದಿಲ್ಲ ಅಂದ್ರೆ ಐದು ವರ್ಷ, ಪ್ರದೇಶ ಬರೆದಿಲ್ಲ ಅಂದ್ರೆ ಭಾರತ ಮಾತ್ರ ಅಂತ ಕಾಯ್ದೆ ಲೆಕ್ಕ ಹಾಕತ್ತೆ. ಆದ್ರೆ ‘ಎಲ್ಲಾ ಹಕ್ಕು, ಎಲ್ಲಾ ಭಾಷೆಯಲ್ಲಿ, ಶಾಶ್ವತವಾಗಿ’ ಅಂತ ಬರೆದಿರೋ ಕಾಗದಕ್ಕೆ ಸಹಿ ಹಾಕಿದ್ರೆ ಈ ಐದು ವರ್ಷದ ರಕ್ಷಣೆ ನಿಮ್ಗೆ ಸಿಗಲ್ಲ. ಅಂಥ ಸಾಲು ಕಂಡ್ರೆ ‘ಕನ್ನಡ ಅನುವಾದ ಮತ್ತು ಪುಸ್ತಕದ ಹಕ್ಕು ಲೇಖಕರಿಗೆ’ ಅಂತ ಒಂದು ವಾಕ್ಯ ಸೇರಿಸೋಕೆ ಕೇಳಿ, ಎಷ್ಟೋ ಕಡೆ ಸೇರಿಸ್ತಾರೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪ್ರಕಟಿಸೋ ಕಡೆ, ಮೊಂಗಾಬೇ ಒಂದು ಉದಾಹರಣೆ, ನಿಮ್ಮ ಬರಹಾನ ಬೇರೆ ತಾಣಗಳೂ ದುಡ್ಡು ಕೊಡ್ದೆ ಮರುಪ್ರಕಟಿಸ್ಬಹುದು. ಅದು ಮೋಸ ಅಲ್ಲ, ಅವ್ರ ನೀತಿ, ಹೆಚ್ಚು ಜನಕ್ಕೆ ತಲ್ಪತ್ತೆ ಅನ್ನೋದು ಲಾಭ. ಆದ್ರೆ ಇದನ್ನೇ ಇನ್ನೊಂದು ಕಡೆ ಮಾರ್ಬಹುದು ಅಂತ ಲೆಕ್ಕ ಹಾಕಿದ್ರೆ ಮೊದ್ಲೇ ಗೊತ್ತಿರ್ಲಿ.

ದುಡ್ಡು ಒಪ್ಪಿದ ದಿನಾನೇ ನೀವೇ ಒಂದು ಮೇಲ್ ಹಾಕ್ಬಿಡಿ, ‘ನಾವು ಮಾತಾಡಿಕೊಂಡಂತೆ’ ಅಂತ ಶುರು ಮಾಡಿ. 1,500 ಪದ, ಇಂಥ ತಾರೀಖಿಗೆ, 6,000 ಮತ್ತು ಪ್ರಯಾಣ 1,000, ಫೋಟೋ ಸೇರಿ, ಅಂತಿಮ ಕರಡು ಒಪ್ಪಿದ ದಿನದಿಂದ 30 ದಿನದಲ್ಲಿ ಪಾವತಿ. ಈ ‘ಕರಡು ಒಪ್ಪಿದ ದಿನದಿಂದ’ ಅನ್ನೋದನ್ನ ಬಿಡ್ಬೇಡಿ. ಪ್ರಕಟ ಆದ್ಮೇಲೆ ಪಾವತಿ ಅಂತ ಒಪ್ಪಿದ್ರೆ, ಚುನಾವಣೆ ಬಂತು, ಬೇರೆ ದೊಡ್ಡ ಸುದ್ದಿ ಬಂತು ಅಂತ ನಿಮ್ಮ ಬರಹ ತಿಂಗಳುಗಟ್ಲೆ ಅಲ್ಲೇ ಕೂತ್ರೆ ದುಡ್ಡೂ ಅಲ್ಲೇ ಕೂತಿರತ್ತೆ. ನಂಗೆ ಗೊತ್ತಿರೋ ಒಬ್ಬ ಹುಡುಗಿ ಹೀಗೇ ಪೂರ್ತಿ ಎಡಿಟ್ ಆದ ಬರಹದ ದುಡ್ಡಿಗೆ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದ ತನಕ ಕಾದ್ಲು. ಜತೆಗೆ, ಕೆಲ್ಸ ಸರಿಯಾಗಿ ಮಾಡಿ ಕೊಟ್ಮೇಲೂ ಅವ್ರೇ ಪ್ರಕಟಿಸ್ದೆ ಕೈಬಿಟ್ರೆ ಇಷ್ಟು ಅಂತ ಕಿಲ್ ಫೀ ಕೇಳಿ, ಒಪ್ಪಿದ ಮೊತ್ತದ ಕಾಲು ಭಾಗದಿಂದ ಅರ್ಧದ ತನಕ ಕೊಡೋ ರೂಢಿ ಇದೆ, ಬರಹ ನಿಮ್ಗೇ ವಾಪಸ್ ಬರತ್ತೆ, ಬೇರೆಯವ್ರಿಗೆ ಕೊಡ್ಬಹುದು.

ಇನ್‌ವಾಯ್ಸ್‌ಗೆ ಏನೂ ದೊಡ್ಡ ಫಾರ್ಮ್ಯಾಟ್ ಬೇಡ, ನಿಮ್ಮ ಹೆಸ್ರು, ವಿಳಾಸ, ಬರಹದ ಶೀರ್ಷಿಕೆ, ಮೊತ್ತ, ಪ್ಯಾನ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ನಂಬರ್ ಮತ್ತು ತಾರೀಖು, ಇಷ್ಟಿದ್ರೆ ಆಯ್ತು. ಖಾತೆಗೆ 6,000 ಬದ್ಲು 5,400 ಬಂದ್ರೆ ಗಾಬರಿ ಬೇಡ, ವೃತ್ತಿಪರ ಶುಲ್ಕದ ಮೇಲೆ 10 ಪರ್ಸೆಂಟ್ ಟಿಡಿಎಸ್ ಹಿಡಿದಿರ್ತಾರೆ. 2025ರ ಏಪ್ರಿಲ್‌ನಿಂದ ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ದಾಟಿದ್ರೆ ಮಾತ್ರ ಹಿಡೀಬೇಕು ಅಂತ ಮಿತಿ ಇದೆ, ಆದ್ರೂ ಕೆಲವ್ರು ಮೊದಲ ಪಾವತಿಯಿಂದಲೇ ಹಿಡೀತಾರೆ. ನಿಮ್ಮ ಆದಾಯ ತೆರಿಗೆ ಮಿತಿ ಒಳಗಿದ್ರೆ ರಿಟರ್ನ್ ಹಾಕಿ ವಾಪಸ್ ತಗೋಬಹುದು. ಪ್ಯಾನ್ ಕೊಡ್ದಿದ್ರೆ 20 ಪರ್ಸೆಂಟ್ ಹೋಗತ್ತೆ.

ದುಡ್ಡು ತಡ ಆದ್ರೆ ಮೊದ್ಲು ಎಡಿಟರ್‌ಗೆ ನೆನಪು ಮಾಡಿ, ಆದ್ರೆ ಪಾವತಿ ಅವ್ರ ಕೈಲಿರಲ್ಲ, ಹಾಗಾಗಿ ಅಕೌಂಟ್ಸ್‌ನಲ್ಲಿ ಯಾರ ಹತ್ರ ಮಾತಾಡ್ಬೇಕು ಅಂತ ಕೇಳ್ಕೊಂಡು ಅವ್ರಿಗೆ ಇನ್‌ವಾಯ್ಸ್ ನಂಬರ್ ಹಾಕಿ ಬರೀರಿ, ಎಡಿಟರ್‌ನ ಕಾಪಿಯಲ್ಲಿಡಿ. ಇದನ್ನೇ ಉದ್ಯೋಗ ಥರ ಮುಂದುವರ್ಸೋ ಯೋಚ್ನೆ ಇದ್ರೆ ಉದ್ಯಮ್ ಪೋರ್ಟಲ್‌ನಲ್ಲಿ ಸೇವಾ ವಿಭಾಗದ ಸೂಕ್ಷ್ಮ ಉದ್ಯಮ ಅಂತ ನೋಂದಣಿ ಮಾಡಿಸ್ಕೊಳ್ಳಿ, ಆಧಾರ್ ಮತ್ತು ಪ್ಯಾನ್ ಸಾಕು, ದುಡ್ಡೇನೂ ಕಟ್ಟೋದಿಲ್ಲ, ದುಡ್ಡು ಕೇಳೋ ವೆಬ್‌ಸೈಟ್ ಸಿಕ್ಕಿದ್ರೆ ಅದು ಸರ್ಕಾರದ್ದಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೋಂದಣಿ ಇರೋರಿಗೆ ಲಿಖಿತ ಒಪ್ಪಂದ ಇದ್ರೂ 45 ದಿನ ಮೀರಿ ಪಾವತಿ ತಡ ಮಾಡೋ ಹಾಗಿಲ್ಲ, ಒಪ್ಪಂದ ಇಲ್ದಿದ್ರೆ 15 ದಿನ, ಆಮೇಲೆ ಬಡ್ಡಿ ಸೇರತ್ತೆ, ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡ್ಬಹುದು. ನೋಂದಣಿ ಆದ್ಮೇಲೆ ಮಾಡಿದ ಕೆಲ್ಸಕ್ಕೆ ಮಾತ್ರ ಇದು ಲಾಗೂ ಆಗೋದು, ಹಾಗಾಗಿ ಬಾಕಿ ಬಿದ್ಮೇಲೆ ಓಡೋದ್ರಿಂದ ಪ್ರಯೋಜನ ಇಲ್ಲ. ಮಾಡಿಸ್ಕೊಂಡ್ರೆ ಆ ಉದ್ಯಮ್ ನಂಬರ್‌ನ ಇನ್‌ವಾಯ್ಸ್ ಮೇಲೆ ಪ್ಯಾನ್ ಕೆಳಗೆ ಹಾಕಿ, ಅಕೌಂಟ್ಸ್‌ನವ್ರು ಅಂಥ ಇನ್‌ವಾಯ್ಸ್‌ನ ಬೇರೆ ಸಾಲಲ್ಲಿ ಇಡ್ತಾರೆ, ಯಾಕಂದ್ರೆ ಈ ಗಡುವು ಮೀರಿದ ಬಾಕಿಯನ್ನ ಆ ವರ್ಷದ ಖರ್ಚು ಅಂತ ತೆರಿಗೆಯಲ್ಲಿ ತೋರಿಸೋಕೆ ಸಂಸ್ಥೆಗೆ ಬರಲ್ಲ.